ಗುಳಗಿ ಹೆಚ್ಚಾಗ್ಯಾವು

ಮರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಐವತ್ತರ ದಶಕದಲ್ಲಿ ರೋಣದ ಪೇಟೆಯಲ್ಲಿ ಔಷಧದ ಅಂಗಡಿ ಇಟ್ಟಾಗ ಈ ಸಿಟ್ಟೇ ನನಗೊಂದು ಹೊಸ ಕೆಲಸ ಹಚ್ಚಿತು. ಜ್ವರದವರು ಔಷಧ ಮರೆತರೆ ಮರೆಯಲಿ, ಎರಡು ದಿನ ಹೆಚ್ಚು ನರಳುತ್ತಾರೆ. ದಿನವೂ ಔಷಧ ತೆಗೆದುಕೊಂಡೇ ಬದುಕಬೇಕಾದವರ ಮಾತು ಬೇರೆ. ಸಕ್ಕರೆ ಕಾಯಿಲೆಯ ಅಜ್ಜಿ, ದಮ್ಮಿನ ಅಕ್ಕಸಾಲಿಗ, ಎದೆನೋವಿನ ನಿವೃತ್ತ ಮಾಸ್ತರು, ಹೀಗೆ ಹದಿನಾರು ಜನರ ಹೆಸರು ಬರೆದುಕೊಂಡೆ. ಯಾರ ಔಷಧ ಯಾವ ದಿನ ತೀರುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಊರಿನವರಿಗೆ ಸೈಕಲ್ಲಿನ ಮೇಲೆ ನಾನೇ ಮನೆಗೆ ಮುಟ್ಟಿಸುತ್ತಿದ್ದೆ. ಅಜ್ಜಿಯ ಇನ್ಸುಲಿನ್ ಬಾಟಲಿಯನ್ನು ಹಸಿ ಅರಿವೆಯಲ್ಲಿ ಸುತ್ತಿ ಒಯ್ದು, ಅವರ ಮನೆಯ ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿ ಇಟ್ಟು ಬರುತ್ತಿದ್ದೆ. ಹಳ್ಳಿಯವರಿಗೆ ಎಂಟು ದಿನ ಮೊದಲೇ ಕಾರ್ಡು ಬರೆಯುತ್ತಿದ್ದೆ.

ಪೇಟೆಯ ಜನ ಚೇಷ್ಟೆ ಮಾಡುತ್ತಿದ್ದರು. "ಯಮನ ಚೀಟಿಗಿಂತ ನಿಮ್ಮ ಕಾರ್ಡ ಮೊದಲ ಬರತೈತಲ್ರಿ," ಎಂದು ಅಕ್ಕಸಾಲಿಗ ಕೆಮ್ಮುತ್ತಲೇ ನಗುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆ.

ಹತ್ತಿರದ ಸವಡಿ ಹಳ್ಳಿಯಲ್ಲಿ ನನಗೆ ಒಬ್ಬನೇ ರೋಗಿ. ಮೂವತ್ತರ ಆಸುಪಾಸಿನ ಕೂಲಿಯವ, ಮೂರ್ಛೆ ರೋಗದವ. ಮೊದಲು ವಾರಕ್ಕೆರಡು ಸಲ ಬಿದ್ದು ಒದ್ದಾಡುತ್ತಿದ್ದನಂತೆ. ಬಾವಿಯ ಹತ್ತಿರ, ಒಲೆಯ ಹತ್ತಿರ ಅವನನ್ನು ಯಾರೂ ಬಿಡುತ್ತಿರಲಿಲ್ಲ, ಕೂಲಿಗೂ ಕರೆಯುತ್ತಿರಲಿಲ್ಲ. ದವಾಖಾನೆಯ ವೈದ್ಯರು ದಿನಕ್ಕೆರಡು ಬಿಳಿ ಗುಳಿಗೆ ಬರೆದುಕೊಟ್ಟರು, ಆರು ಸಲ ಕೊಡಬಹುದು ಎಂದು ಚೀಟಿಯಲ್ಲಿ ನಮೂದಿಸಿದ್ದರು. ಪ್ರತಿ ತಿಂಗಳು ಅರವತ್ತು ಎಣಿಸಿ ಕಂದು ಬಾಟಲಿಗೆ ತುಂಬಿ, ಚೀಟಿಯ ಮೇಲೆ ಮುದ್ರೆ ಹೊಡೆಯುತ್ತಿದ್ದೆ. "ಇದನ್ನು ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಕೆಟ್ಟ ಸೆಳವು ಬರುತ್ತದೆ, ಜೀವಕ್ಕೇ ಅಪಾಯ," ಎಂದು ವೈದ್ಯರು ನನ್ನೆದುರಿಗೇ ಗಂಡಹೆಂಡತಿಗೆ ತಿಳಿಸಿ ಹೇಳಿದ್ದರು. ನಾಲ್ಕು ತಿಂಗಳು ಒಂದೇ ಒಂದು ಸೆಳವು ಬರಲಿಲ್ಲ.

ಅದು ನಿದ್ದೆ ತರುವ ಗುಳಿಗೆ. ಮನೆಯಲ್ಲಿ ರಾಶಿ ಬಿದ್ದರೆ ಮಕ್ಕಳ ಬಾಯಿಗೆ ಹೋದೀತೆಂಬ ಭಯ ನನಗೆ. ಅದಕ್ಕೆ ಕಾರ್ಡಿನಲ್ಲಿ "ಗುಳಿಗೆ ಎಷ್ಟು ಉಳಿದಿವೆ, ತಿಳಿಸಿರಿ" ಎಂದು ಕೇಳಿ, ಉತ್ತರ ಬಂದ ಮೇಲೆ ಗುರುವಾರ ಸೈಕಲ್ ಹತ್ತುತ್ತಿದ್ದೆ. ಅವನೇ ಯಾರಿಂದಲೋ "ಆರು ಉಳದಾವ" ಎಂದು ಬರೆಸಿ ಕಳಿಸುತ್ತಿದ್ದ.

ಐದನೆಯ ತಿಂಗಳು ಜೋಳದ ಸುಗ್ಗಿ. ಅವನು ಈಗ ನೆಟ್ಟಗಿದ್ದನಲ್ಲ, ಬೆಳಗಾದರೆ ಹೊಲಕ್ಕೆ ಹೋಗುತ್ತಿದ್ದ. ಕಾರ್ಡು ಹೆಂಡತಿಯ ಕೈಗೆ ಬಂತು. ವಾರಕ್ಕೆರಡು ದಿನ ಊರಿಗೆ ಟಪಾಲು ತರುವವನೇ ಅದನ್ನು ಓದಿ ಹೇಳಿ, ಮುಂದಿನ ಸಲ ಬಂದಾಗ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡ. ನನಗೆ ಬಂದ ಕಾರ್ಡಿನಲ್ಲಿ ಎರಡೇ ಶಬ್ದ: "ಗುಳಗಿ ಹೆಚ್ಚಾಗ್ಯಾವು."

ನನ್ನ ತಲೆ ಕೆಟ್ಟಿತು. ಹೆಚ್ಚಾಗಿವೆ ಎಂದರೆ ಉಳಿದಿವೆ, ಉಳಿದಿವೆ ಎಂದರೆ ನುಂಗಿಲ್ಲ. ಮೈ ಚೆನ್ನಾಗಾಯಿತೆಂದು ತಪ್ಪಿಸಿದ್ದಾರೆ! ಅಲ್ಲೇ ಗೋಡೆಯ ಮೇಲೆ ನನ್ನ ಕೈಯಿಂದಲೇ ಹಾಕಿದ ಗುರುತಿತ್ತು, ಅದರ ಪ್ರಕಾರ ಅವತ್ತಿಗೆ ಒಂದೆರಡು ದಿನದ ಗುಳಿಗೆಯೂ ಉಳಿದಿರಬಾರದು. ಅದನ್ನು ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಕೂತ ಕೂತಲ್ಲೇ ಬರೆದೆ: "ಇರುವುದನ್ನು ಮೊದಲು ಮುಗಿಸಿರಿ. ಅಲ್ಲಿಯವರೆಗೆ ಬೇರೆ ಕೊಡುವುದಿಲ್ಲ." ಆ ಗುರುವಾರ ಸವಡಿಯ ದಾರಿ ಹಿಡಿಯಲಿಲ್ಲ.

ಒಂಬತ್ತು ದಿನದ ಮೇಲೆ, ಅಂಗಡಿಗೆ ಹೊರಟಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಬರೂಮುಂದ ಅರಿಷಿಣ ತಗೊಂಡ ಬರ್ರಿ. ಹೆಚ್ಚಾಗೇತಿ."

ಹೂಂ ಎಂದೆ. ಪೇಟೆಯಲ್ಲಿ ಕಿರಾಣಿ ಅಂಗಡಿಯ ಕಟ್ಟೆಗೆ ಕಾಲು ಕೊಟ್ಟು, "ಅರಿಷಿಣ ಕೊಡ್ರಿ, ಮನ್ಯಾಗ ಹೆಚ್ಚಾಗೇತಂತ," ಎಂದೆ. ನನ್ನ ಮಾತು ನನ್ನ ಕಿವಿಗೇ ಬಿತ್ತು.

ನಮ್ಮ ಕಡೆ ಹೆಂಗಸರು ಅರಿಷಿಣ, ಕುಂಕುಮ, ಉಪ್ಪು ಮುಗಿಯಿತು ಎನ್ನುವುದಿಲ್ಲ. ಮುಗಿಯಿತೆಂದರೆ ಅಪಶಕುನ, ಹೆಚ್ಚಾಯಿತು ಎನ್ನುತ್ತಾರೆ. ಬಳೆ ಒಡೆದರೂ ಹೆಚ್ಚಿತು ಎನ್ನುತ್ತಾರೆ. ಇದನ್ನು ನಾನು ತೊಟ್ಟಿಲಿನಿಂದ ಕೇಳಿದವನು. ಗಂಡನ ಜೀವ ಹಿಡಿದಿಟ್ಟ ಗುಳಿಗೆಯನ್ನು ಆಕೆ ಅರಿಷಿಣದ ಸಾಲಿನಲ್ಲಿ ಇಟ್ಟಿದ್ದಳು, ಅಷ್ಟೇ.

ಅರಿಷಿಣದ ಪೊಟ್ಟಣ ಅಲ್ಲೇ ಬಿಟ್ಟೆ. ಅಂಗಡಿಗೆ ಹೋಗಿ ಗುಳಿಗೆ ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು. ಬಿಸಿಲಿನಲ್ಲಿ ಸವಡಿಯವರೆಗೆ ಸೈಕಲ್ ತುಳಿದೆ. ಅವನ ಮನೆಯ ಮುಂದೆ ಜನ ನಿಂತಿದ್ದರು. ಹಿಂದಿನ ದಿನದಿಂದ ಒಂದು ಸೆಳವು ಇಳಿಯುವ ಮೊದಲೇ ಇನ್ನೊಂದು ಏರುತ್ತಿತ್ತು. ಎಚ್ಚರವೇ ಇರಲಿಲ್ಲ. ಯಾರೋ ಅವನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ಇಟ್ಟಿದ್ದರು. ಹೆಂಡತಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ನನ್ನನ್ನು ಕಂಡು ಆಕೆಯ ಮುಖ ಅರಳಿತು. ಆ ಮುಖವನ್ನು ನಾನು ಇಂದಿಗೂ ಸಹಿಸಲಾರೆ. "ಬಂದ್ರೇನ್ರೀ ಅಣ್ಣಾರ! ಇದ್ದದ್ದ ಮುಗಿಸ್ರಿ, ಬ್ಯಾರೆ ಕೊಡೂದಿಲ್ಲ ಅಂತ ನೀವು ಬರದಿದ್ರಿ, ವಾಸಿ ಆಗೇತಿ, ಇನ್ನ ಗುಳಗಿ ಬ್ಯಾಡ ಅಂತ ತಿಳಕೊಂಡ್ವಿ. ಎಲ್ಲವ್ವನ ಗುಡ್ಯಾಗ ಕಾಯಿ ಒಡಸಿ ಬಂದ್ವಿ."

ಗುಳಿಗೆಯ ಬಾಟಲಿ ನನ್ನ ಕಿಸೆಯಲ್ಲೇ ಉಳಿಯಿತು. ಎಚ್ಚರವಿಲ್ಲದವನ ಬಾಯಿಗೆ ಗುಳಿಗೆ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಅವನಿಗೆ ಬೇಕಾದದ್ದು ಸೂಜಿ. ಬಂಡಿ ಹೂಡಿಸಿ ರೋಣದ ದವಾಖಾನೆಗೆ ತಂದೆವು. ದಾರಿಯುದ್ದಕ್ಕೂ ಅವನನ್ನು ಮಗ್ಗುಲಾಗಿ ಹಿಡಿದುಕೊಂಡಿದ್ದೆ, ಅಷ್ಟಾದರೂ ಗೊತ್ತಿತ್ತು. ವೈದ್ಯರು ಸೂಜಿ ಚುಚ್ಚಿದರು, ಸೆಳವು ನಿಂತಿತು. ಅವನು ಏಳಲಿಲ್ಲ. ಮೂರನೆಯ ದಿನ ಉಸಿರು ನಿಂತಿತು.

ಗುಳಿಗೆ ಹೇಗೆ ತಪ್ಪಿತು ಎಂದು ವೈದ್ಯರು ಕೇಳಿದರು. ನಾನೇ ಕೊಡಲಿಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಕಾರ್ಡಿನಲ್ಲಿ ಪ್ರಶ್ನೆ ಬರೆಯುವುದನ್ನು ಬಿಟ್ಟೆ. ಗುರುತು ಹಾಕಿದ ದಿನ ನಾನೇ ಹೋಗಿ, ಬಾಟಲಿ ಇಸಿದುಕೊಂಡು, ಅಂಗೈಗೆ ಸುರಿದು ಎಣಿಸುತ್ತಿದ್ದೆ. ಅಕ್ಕಸಾಲಿಗ ಈಗ ಚೇಷ್ಟೆ ಮಾಡುತ್ತಿರಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಆಕೆ ಅಂಗಡಿಗೆ ಬಂದಳು. ಕೈಯಲ್ಲಿ ಬಳೆಗಳಿರಲಿಲ್ಲ. ಸೆರಗಿನಿಂದ ಖಾಲಿ ಬಾಟಲಿ ತೆಗೆದು ಕಟ್ಟೆಯ ಮೇಲೆ ಇಟ್ಟಳು. ಬೂದಿ ಹಾಕಿ ತಿಕ್ಕಿ ತೊಳೆದಿದ್ದಳು, ಫಳಫಳ ಹೊಳೆಯುತ್ತಿತ್ತು.

"ಗುಳಗಿ ಮುಗದಾವ್ರಿ," ಎಂದಳು. "ಈಗ ಹಂಗ ಅಂದ್ರ ಏನೂ ಆಗೂದಿಲ್ಲಲ್ರಿ."

ನಾನು ಹೇಳಿದೆ. "ತಂಗೀ, ತಪ್ಪು ನಂದು. ಹೆಚ್ಚಾಗ್ಯಾವು ಅಂತ ನೀ ಬರಸಿದ್ದು ನನಗ ತಿಳೀಲಿಲ್ಲ. ಉಳದಾವ ಅನ್ಕೊಂಡೆ. ಅದಕ್ಕ ಕೊಡಲಿಲ್ಲ."

ಆಕೆ ಸಿಟ್ಟಾಗಲಿಲ್ಲ, ಅಳಲಿಲ್ಲ. ನಿಜವಾಗಿಯೂ ತಿಳಿಯದವಳಂತೆ ನನ್ನ ಮುಖ ನೋಡಿ ಕೇಳಿದಳು.

"ನಿಮ್ಮ ಮನ್ಯಾಗ ಹೆಂಗಸ್ರಿಲ್ಲೇನ್ರಿ?"

ಇದ್ದರು. ತಾಯಿ ಇದ್ದಳು, ಹೆಂಡತಿ ಇದ್ದಳು. ಬಾಟಲಿ ತೆಗೆದು ಒಳಗಿಟ್ಟೆ.