ಕಾರಭಾರಿಯ ಆಯೇರಿ

ಅಪ್ಪ ಸಿಂದಗಿಯಲ್ಲಿ ಸಾಲಾಗಿ ಆರು ಮಳಿಗೆ ಕಟ್ಟಿಸಿದ್ದ. ತೀರಿಕೊಂಡಾಗ ಅವುಗಳ ಜೊತೆಗೆ ಒಬ್ಬ ಕಾರಭಾರಿಯನ್ನೂ ನಮಗೆ ಬಿಟ್ಟುಹೋದ. ಬಾಡಿಗೆ ಎತ್ತುವುದು, ಪುರಸಭೆಯ ತೆರಿಗೆ ತುಂಬುವುದು, ರಿಪೇರಿ ಮಾಡಿಸುವುದು, ಹೊಸಬರನ್ನು ತಂದು ಕೂಡಿಸುವುದು ಎಲ್ಲ ಅವನದೇ ಕಾರುಬಾರು. ನಾನು ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ಶಿಕ್ಷಕಿ, ಅವ್ವ ನನ್ನ ಜೊತೆಗಿದ್ದಳು. ತಿಂಗಳಿಗೊಮ್ಮೆ ಆತ ಬಸ್ಸಿನಲ್ಲಿ ಬಂದು, ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಬಾಡಿಗೆ ಹಣ ಕೊಟ್ಟು, ಅಪ್ಪನನ್ನು ನೆನೆದು ಕಣ್ಣೊರೆಸಿಕೊಂಡು ಹೋಗುತ್ತಿದ್ದ. ಅವ್ವನೂ ಒರೆಸಿಕೊಳ್ಳುತ್ತಿದ್ದಳು. ನನಗೆ ಮಾತ್ರ ಆ ಕಣ್ಣೀರು ಕಂಡರೆ ಮೈ ಉರಿಯುತ್ತಿತ್ತು. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಅವನ ಮುಖ ಅಷ್ಟೇ ದುಃಖದಲ್ಲಿರುತ್ತಿತ್ತು.

ಕಡೆಯ ಮಳಿಗೆ ಖಾಲಿ ಬಿದ್ದಿದೆ, ಯಾರೂ ಕೇಳುವವರಿಲ್ಲ ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದ. ಪರೀಕ್ಷಾ ಕೆಲಸಕ್ಕೆಂದು ಸಿಂದಗಿಗೆ ಹೋದಾಗ ಹೇಳದೆ ಕೇಳದೆ ಅತ್ತ ಕಾಲು ಹಾಕಿದೆ. ಮಳಿಗೆಯ ತುಂಬ ಉಳ್ಳಾಗಡ್ಡಿ ಚೀಲ. ಚೀಲದವನು ತಿಂಗಳಾ ತಿಂಗಳಾ ಬಾಡಿಗೆ ಕೊಡುತ್ತಿದ್ದನಂತೆ. ಕಾರಭಾರಿ ಓಡಿಬಂದ.

“ಖಾಲಿ ಬಿಟ್ರ ಹೆಗ್ಗಣ ಸೇರ್ತಾವ್ರಿ ಅಕ್ಕೋರ. ಅದಕ್ಕ ಚೀಲಾ ಇಡಿಸೇನಿ” ಎಂದ. ಅಷ್ಟು ಹೇಳುವಾಗ ಅವನ ರೆಪ್ಪೆ ಕೂಡ ಅಲುಗಲಿಲ್ಲ. ಸುಳ್ಳು ಹೇಳಲಿ, ಬೇಡ ಅನ್ನುವುದಿಲ್ಲ. ಕೇಳುವವರಿಗೆ ಒಂದಿಷ್ಟು ಮರ್ಯಾದೆ ಕೊಟ್ಟಾದರೂ ಹೇಳಬಾರದೇ?

ಅವತ್ತೇ ವಕೀಲರ ಬಳಿ ಹೋದೆ. ಅವರು ಹೇಳಿದಂತೆ ಒಂದೊಂದೇ ಕೆಲಸ ಮಾಡಿದೆವು. ಅವ್ವ ಅವನಿಗೆ ಬರೆದುಕೊಟ್ಟಿದ್ದ ಮುಖತ್ಯಾರ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರದ್ದು ಮಾಡಿಸಿದೆವು. ಕೆಲಸದಿಂದ ಬಿಡಿಸಿದ್ದೇವೆ ಎಂದು ಅವನಿಗೆ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಹೋಯಿತು. ಇನ್ನು ಮೇಲೆ ಅವನ ಕೈಗೆ ಬಾಡಿಗೆ ಕೊಡಬೇಡಿ ಎಂದು ಮಳಿಗೆಯವರಿಗೆಲ್ಲ ಪತ್ರ ಹಂಚಿದೆ. ಕೀಲಿಕೈ, ಕರಾರು ಪತ್ರ, ತೆರಿಗೆ ತುಂಬಿದ ಪಾವತಿ ಚೀಟಿ, ಡಿಪಾಜಿಟ್ ಎಲ್ಲವನ್ನೂ ಇಬ್ಬರು ಪಂಚರ ಮುಂದೆ ಪಟ್ಟಿ ಮಾಡಿ, ಅವನ ಸಹಿ ತೆಗೆದುಕೊಳ್ಳಬೇಕೆಂದು ವಕೀಲರು ಒತ್ತಿ ಹೇಳಿದರು. ಮೊದಲು ಸಹಿ, ಉಳಿದದ್ದೆಲ್ಲ ಆಮೇಲೆ.

ಅವ್ವ ಈ ‘ಆಮೇಲೆ’ಗೆ ಒಪ್ಪಲಿಲ್ಲ. ಇಷ್ಟು ವರ್ಷ ದುಡಿದವನನ್ನು ಬರಿಗೈಲಿ ಕಳಿಸಬಾರದು, ಧೋತರ, ರುಮಾಲು, ಕಾಯಿ ಕೊಟ್ಟು ಆಯೇರಿ ಮಾಡಿಯೇ ಕಳಿಸಬೇಕು ಎಂದು ಹಟ ಹಿಡಿದಳು.

“ಕಳ್ಳಗ ಆಯೇರಿ ಏನಬೇ?” ಎಂದೆ.

“ಅಂವಾ ಕಳ್ಳ ಇರಲಿ. ನಮ್ಮ ಮನಿ ರೀತಿ ನಾವು ಬಿಡೂದು ಬ್ಯಾಡ. ಸಹಿ ಆದ ಮ್ಯಾಲ ಕೊಟ್ರ ಕೂಲಿ ಕೊಟ್ಟಂಗ ಆಕ್ಕತಿ. ಮೊದಲ ಮಾಡೂಣು.”

ಪಟ್ಟಿ ಮಾಡುವ ದಿನ ಉಳ್ಳಾಗಡ್ಡಿ ಚೀಲ ಎತ್ತಿಸಿದ್ದ ಮಳಿಗೆಯಲ್ಲೇ ಜಮಖಾನೆ ಹಾಸಿದೆವು. ಪಂಚರಾಗಿ ಎದುರಿನ ಕಿರಾಣಿ ಅಂಗಡಿಯವರು ಮತ್ತು ಒಬ್ಬ ನಿವೃತ್ತ ಮಾಸ್ತರು. ಮಳಿಗೆಯವರೆಲ್ಲ ಬಂದು ನಿಂತರು. ಅವ್ವ ಕುಂಕುಮ ಹಚ್ಚಿ ಆಯೇರಿ ಕೊಟ್ಟಳು. ಮಾಸ್ತರು ಅವನ ತಲೆಗೆ ರುಮಾಲು ಸುತ್ತಿದರು. ಕಾರಭಾರಿ ಮದುಮಗನ ಹಾಗೆ ಕೂತ. ಹೊಸ ರುಮಾಲಿನ ತುದಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಆ ಬೆರಳುಗಳನ್ನು ನೋಡಿ ನನಗೆ ಅಸಹ್ಯವಾಯಿತು.

ಮೊದಲು ಕೀಲಿಕೈ. ಒಂದೊಂದನ್ನೂ ಅದರದರ ಕೀಲಿಗೆ ಹಾಕಿ ತಿರುಗಿಸಿ ನೋಡಿಯೇ ಬರೆದುಕೊಂಡೆ. ಎರಡು ಯಾವ ಕೀಲಿಗೂ ಕೂಡಲಿಲ್ಲ. ಅವು ಅವನ ಮನೆಯ ಟ್ರಂಕಿನವಂತೆ. ಹೇಗಿದ್ದರೂ ಸಂಜೆಯೊಳಗೆ ಖಾಲಿ ಮಳಿಗೆಗೆ ಹೊಸ ಕೀಲಿ ಹಾಕಿಸುವವಳಿದ್ದೆ, ಸುಮ್ಮನಾದೆ. ತೆರಿಗೆ ಪಾವತಿಗಳು ಸಿಕ್ಕವು. ಕರಾರು ಪತ್ರಗಳು ನಾಲ್ಕೇ ಸಿಕ್ಕವು. ಉಳ್ಳಾಗಡ್ಡಿಯವನದಂತೂ ಇರುವ ಮಾತೇ ಇಲ್ಲ. ಇಲ್ಲದ ಇನ್ನೊಂದು ಮೂರನೆಯ ಮಳಿಗೆಯದು.

ಅಲ್ಲಿ ಜಂಪರ ಹೊಲಿಯುವ ಹೆಣ್ಣುಮಗಳೊಬ್ಬಳಿದ್ದಳು. ಗಂಡ ಇಲ್ಲ. ತಾಳಿಕೋಟೆಯಲ್ಲಿ ಅಕ್ಕನ ಮನೆಯ ಹತ್ತಿರ ಅಂಗಡಿ ಗೊತ್ತು ಮಾಡಿಕೊಂಡಿದ್ದಳು. ಇಲ್ಲಿಯ ಡಿಪಾಜಿಟ್ ವಾಪಸು ಬಂದರೆ ಮಾತ್ರ ಅಲ್ಲಿ ಕೊಟ್ಟು ಕೂರಬಹುದು. ಅಲ್ಲಿಯ ಮಾಲೀಕರು ವಾರದೊಳಗೆ ಹಣ ತಾ ಎಂದಿದ್ದರು.

“ಕಾಕಾ, ಹತ್ತು ಸಾವಿರ ನಿಮ್ಮ ಕೈಯಾಗ ಕೊಟ್ಟೇನಲ್ರಿ. ಕಾಗದ ನಾಳಿ ಮಾಡೂಣು ಅಂದಿದ್ರಿ” ಎಂದಳು.

“ಯಾವ ಡಿಪಾಜಿಟ್? ಪಾವತಿ ಐತೇನು? ಪಾಪ ಅಂತ ಹಂಗ ಕೂಡಿಸಿದ್ದೆ ಇಕೀನ” ಎಂದವನೇ ನನ್ನ ಕಡೆ ತಿರುಗಿದ. “ಮತ್ತ ಅಕ್ಕೋರ, ಆಯೇರಿ ಆತು ಅಂದ್ರ ಲೆಕ್ಕ ಚುಕ್ತಾ ಆದಂಗ. ಇಷ್ಟು ಮಂದಿ ನೋಡ್ಯಾರ. ರುಮಾಲು ಸುತ್ತಿಸಿಕೊಂಡಾವಗ ಯಾರರ ಲೆಕ್ಕ ಕೇಳ್ತಾರೇನ್ರಿ?”

ಕಿರಾಣಿಯವರು ತಲೆ ಕೆರೆದುಕೊಂಡರು. ಮಾಸ್ತರು ಹೌದೆಂಬಂತೆ ಗೋಣು ಹಾಕಿದರು. ನಾನು ಅವ್ವನ ಮೇಲೆ ಹಲ್ಲು ಕಡಿದೆ. ಆ ಹೆಣ್ಣುಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಅವನು ಗೆದ್ದಿದ್ದ. ಆದರೆ ಅಂಥವರ ಬಾಯಿಗೆ ಎಷ್ಟು ಹಾಕಿದರೂ ಸಾಲದು.

“ನಂದೊಂದು ಸಣ್ಣದು ಉಳದೈತಿ ನೋಡ್ರಿ” ಎಂದ. “ಮಾಳಿಗಿ ರಿಪೇರಿಗೆ ಕೈಯಿಂದ ಹಾಕೇನಿ. ಅದೊಂದು ಕೊಟ್ಟುಬಿಡ್ರಿ.”

ಅವ್ವ ತಲೆ ಎತ್ತಿದಳು. “ಆಯೇರಿ ಆದ್ರ ಚುಕ್ತಾ ಅಂತ ಈಗರ ನೀನ ಅಂದೆಲ್ಲ. ಹಂಗಾರ ನಿಂದೂ ಚುಕ್ತಾ ಆತು.”

“ಅದೆಂಗ್ರಿ ವೈನಿ? ನಾ ಸುಳ್ಳು ಹೇಳಾಕತ್ತೇನೇನ್ರಿ?”

“ನಿಮ್ಮ ಕೈಯಾಗ ರಿಪೇರಿ ಮಾಡಸೂವಷ್ಟು ರೊಕ್ಕ ಎಲ್ಲಿಂದ ಬಂತು?” ಎಂದು ನಾನು ಕೇಳಿದೆ.

ಅವನಿಗೆ ರೋಷ ಬಂತು. ಬಡವನೆಂದು ಹೀಯಾಳಿಸಿದೆನೆಂದು ತಿಳಿದನೋ ಏನೋ. “ಎಲ್ಲಿಂದ ಅಂದ್ರ? ಇಕಿ ಕೊಟ್ಟಿದ್ದು ನನ್ನ ಹಂತೇಕ ಇತ್ತಲ್ರಿ! ಹತ್ತೂ ಸಾವಿರ ಇಕಿ ಮಾಳಿಗಿ ಮ್ಯಾಲ ತಗಡು ಹಾಕಿಸಾಕ ಹೋತು!”

ಅಂದಮೇಲೆ ಅವನಿಗೇ ತಿಳಿಯಿತು. ರುಮಾಲಿನ ತುದಿಯಲ್ಲಿ ಆಡುತ್ತಿದ್ದ ಬೆರಳು ನಿಂತವು.

“ತಗಡಂತೂ ನಾ ಇನ್ನೂ ಕಂಡಿಲ್ರಿ. ಮಳಿ ಬಂದ್ರ ಮಷಿನ್ನಿನ ಮ್ಯಾಲ ಪ್ಲಾಸ್ಟಿಕ್ ಬುಟ್ಟಿ ಇಡ್ತೇನಿ” ಎಂದಳು ಆಕೆ.

ಕಿರಾಣಿಯವರು ನಕ್ಕೇಬಿಟ್ಟರು. ಮಾಸ್ತರು ನಗಲಿಲ್ಲ. ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಮೂರನೆಯ ಮಳಿಗೆಯ ಡಿಪಾಜಿಟ್ ಹತ್ತು ಸಾವಿರ, ಕಾರಭಾರಿಯ ಕೈ ಸೇರಿದ್ದು ನಿಜ, ಮಾಲೀಕರಿಗೆ ಕೊಡುವುದು ಬಾಕಿ ಎಂದು ತಾವೇ ಬರೆದರು. ಉಳ್ಳಾಗಡ್ಡಿಯವನ ಬಾಡಿಗೆಯನ್ನೂ ಕೆಳಗೆ ಸೇರಿಸಿದರು. ರುಮಾಲು ಸುತ್ತಿಕೊಂಡು, ಇಡೀ ಸಾಲಿನವರ ಮುಂದೆ, ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಯುಗಾದಿಗೆ ಕೊಡುತ್ತೇನೆ ಎಂದು ಗೊಣಗಿ ಸಹಿ ಹಾಕಿದ. ಕಾಯಿಯನ್ನೂ ಮರೆಯದೆ ಎತ್ತಿಕೊಂಡು ಹೋದ.

ಯುಗಾದಿ ಬಂತು, ಹೋಯಿತು. ವಕೀಲರ ಎರಡು ನೋಟೀಸಿನ ಮೇಲೆ ಅರ್ಧ ಬಂತು. ಇನ್ನರ್ಧಕ್ಕೆ ಕೋರ್ಟು ಹತ್ತುವಷ್ಟು ಬೆಲೆಯನ್ನು ಅವನಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಮುಂದೆ ಸಿಂದಗಿ ಬಸ್ ನಿಲ್ದಾಣದಲ್ಲಿ ಒಮ್ಮೆ ಅದೇ ರುಮಾಲಿನಲ್ಲಿ ಕಂಡ. ನನ್ನನ್ನು ತೋರಿಸಿ, “ಇವರ ಮನಿಯವರ ನನಗ ಆಯೇರಿ ಮಾಡಿದ್ದು” ಎಂದು ಪಕ್ಕದವನಿಗೆ ಹೇಳುತ್ತಿದ್ದ.

ಆದರೆ ಹೊಲಿಗೆಯವಳ ಹಣ ಯುಗಾದಿಯವರೆಗೆ ಕಾಯುವಂಥದ್ದಾಗಿರಲಿಲ್ಲ. ನಿಮ್ಮ ಪರವಾಗಿ ಅವನು ತೆಗೆದುಕೊಂಡನೆಂದರೆ ನೀವೇ ತೆಗೆದುಕೊಂಡಂತೆ, ಕೊಡಬೇಕಾದವರು ನೀವು ಎಂದು ವಕೀಲರು ಹೇಳಿದ್ದರು. ಸಹಿಯಾದ ಮೂರನೆಯ ದಿನವೇ ಬ್ಯಾಂಕಿನಿಂದ ಹಣ ತೆಗೆದುಕೊಂಡು ಹೋಗಿದ್ದೆ. ಮಷಿನ್ನು ಆಗಲೇ ಟಂಟಂ ಗಾಡಿ ಹತ್ತಿತ್ತು. ಹಣ ಕೊಟ್ಟೆ. ಆಕೆ ಎರಡು ಸಲ ಎಣಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಕೈ ಮುಗಿಯುತ್ತಾಳೆ, ನಾಲ್ಕು ಒಳ್ಳೆಯ ಮಾತು ಆಡುತ್ತಾಳೆ ಎಂದು ನಾನು ನಿಂತೇ ಇದ್ದೆ.

ಆಕೆ ಮಳಿಗೆಯ ಕೀಲಿಕೈ ಹೊರತೆಗೆದಳು. ನಾನು ಕೈ ಚಾಚಿದೆ. ಕೊಡಲಿಲ್ಲ.

“ಕೀಲಿಕೈ ಮುಟ್ಟೈತಿ ಅಂತ ಮೊದಲ ಒಂದು ಪಾವತಿ ಬರದು ಕೊಡ್ರಿ ಅಕ್ಕೋರ” ಎಂದಳು.

ಟಂಟಮ್ಮಿನವನು ಹಾರ್ನು ಹೊಡೆಯುತ್ತಿದ್ದ. ಆಕೆ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಕಾಯುತ್ತಲೇ ನಿಂತಳು. ನಾನು ಬರೆದು, ಸಹಿ ಹಾಕಿ ಕೊಟ್ಟೆ.