ಅಕ್ಕನ ಫೋನಿನ ದನಿ ಕೆಡಿಸಿದ್ದು

ನಾನು ಓದಲಿ ಎಂದು ಅಕ್ಕ ಶಾಲೆಯ ಮುಖ ನೋಡದೆ ಕೂಲಿಗೆ ಹೋದಳು. ನಾನು ಐದನೆಯ ತರಗತಿಗೇ ಬಿಟ್ಟೆ. ಆದರೂ ಅವಳ ಪಾಲಿಗೆ ಐದನೆಯ ತರಗತಿ ಎಂದರೆ ದೊಡ್ಡ ಓದು. ಬೊಮ್ಮನಹಳ್ಳಿಯ ನಮ್ಮ ಒಂದೇ ಕೋಣೆಯಲ್ಲಿ, ಗಾರ್ಮೆಂಟ್ಸಿನಿಂದ ಬಂದು ಅವಳು ರೊಟ್ಟಿ ಬಡಿಯುವಾಗ ನಾನು ಅವಳ ಫೋನ್ ಹಿಡಿದು ಸುದ್ದಿ, ಮೆಸೇಜು ಓದಿ ಹೇಳಬೇಕು.

ನನಗೆ ಒತ್ತಕ್ಷರ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮರ, ಕಮಲ ಸಲೀಸು. ಅಕ್ಷರದ ಕೆಳಗೆ ಇನ್ನೊಂದು ನೇತಾಡಿದರೆ ನಾಲಿಗೆ ನಿಂತುಬಿಡುತ್ತಿತ್ತು. ನಿಂತರೆ ಮಾನ ಹೋಗುತ್ತದೆಂದು ಸ್ವಂತದ್ದು ಸೇರಿಸಿ ಓದುತ್ತಿದ್ದೆ.

ಒಮ್ಮೆ ಅಪಾರ್ಟ್‌ಮೆಂಟಿಗೆ ಚಿರತೆ ನುಗ್ಗಿದ ಸುದ್ದಿ ಬಂತು. ಅದು ಕಾರಿನ ಕೆಳಗೆ ಅಡಗಿದ್ದುದರವರೆಗೆ ಓದಿದೆ. ಅಲ್ಲಿಂದಾಚೆ ಬರೀ ಒತ್ತಕ್ಷರ. ನಾನು ಚಿರತೆಯನ್ನು ಲಿಫ್ಟ್ ಹತ್ತಿಸಿ ಮೂರನೆಯ ಮಹಡಿಯಲ್ಲಿ ಇಳಿಸಿದೆ. ಅಲ್ಲಿ ಕಣ್ಣು ಮಂದವಾದ ಒಬ್ಬ ಅಜ್ಜಿ ಬಾಗಿಲು ತೆಗೆದು, "ಚಪ್ಪಲಿ ಹೊರಗ ಬಿಟ್ಟು ಬಾ" ಎಂದಳು. ಅಕ್ಕ ನಕ್ಕೂ ನಕ್ಕೂ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಮಾರನೆಯ ದಿನ ಊಟದ ಹೊತ್ತಿಗೆ ತನ್ನ ಹೊಲಿಗೆ ಲೈನಿನವರಿಗೆಲ್ಲ ಹೇಳಿದಳಂತೆ.

ಇನ್ನೊಮ್ಮೆ ಕಾರ್ಖಾನೆಯ ಗ್ರೂಪಿನಲ್ಲಿ 'ವಿದ್ಯುತ್ ವ್ಯತ್ಯಯದ ನಿಮಿತ್ತ ನಾಳೆ ಕಾರ್ಯಸ್ಥಗಿತ' ಎಂದು ಬಂತು. 'ನಾಳೆ' ಒಂದೇ ನನಗೆ ದಕ್ಕಿದ್ದು. "ನಾಳೆ ಲಗೂ ಬರಬೇಕಂತ" ಎಂದೆ. ಅಕ್ಕ ಮುಚ್ಚಿದ ಗೇಟಿನ ಮುಂದೆ ಒಂದು ತಾಸು ನಿಂತು ಬಂದು, ಮೆಸೇಜು ಹಾಕಿದವರನ್ನು ಬೈದಳು. ನಾನೂ ಜೊತೆಗೆ ಬೈದೆ.

ಕೆಲದಿನಗಳಾದ ಮೇಲೆ ಅಕ್ಕ ಕೆಲಸದಿಂದ ಬಂದವಳೇ ಫೋನ್ ನನ್ನ ಕೈಗಿಟ್ಟಳು. "ನಮ್ಮ ಲೈನಿನಾಕಿ ಫೋನ್ ತಾನಾ ಕನ್ನಡ ಓದತೈತಿ. ನನಗೂ ಹಾಕಿಕೊಡೋ ತಮ್ಮಾ. ನಿನ್ನ ತ್ರಾಸೂ ತಪ್ಪತೈತಿ."

ಸೆಟ್ಟಿಂಗ್ಸಿಗೆ ಹೋಗಿ, ಬರಹವನ್ನು ಮಾತಾಗಿಸುವ ಕಡೆ ಕನ್ನಡ ಆರಿಸಿ, ದನಿ ಇಳಿಸಿಕೊಂಡೆ. ಒಳಗೆ ಗಂಡು, ಹೆಣ್ಣು ಎಂದು ನಾಲ್ಕು ದನಿಗಳಿದ್ದವು. ಯಾವುದಕ್ಕೂ ಹೆಸರಿಲ್ಲ, ನಂಬರ್ ಮಾತ್ರ. ಮೊದಲು ಒಬ್ಬನೇ ಕೇಳಿದೆ. ಎರಡನೆಯ ದನಿಯ ಹೆಂಗಸು ಎಲ್ಲ ಒತ್ತಕ್ಷರಗಳನ್ನೂ ಬೆಣ್ಣೆಯಿಂದ ಕೂದಲು ತೆಗೆದಂತೆ ಓದಿದಳು. ಇವಳು ಓದತೊಡಗಿದರೆ ನನ್ನ ಬಣ್ಣ ಬಯಲು. ಅಲ್ಲೇ ಕೆಳಗೆ ವೇಗಕ್ಕೊಂದು ಗೆರೆ, ದನಿಯ ಏರಿಳಿತಕ್ಕೊಂದು ಗೆರೆ ಇದ್ದವು. ವೇಗವನ್ನು ಪೂರ್ತಿ ಬಲಕ್ಕೆ, ಏರಿಳಿತವನ್ನು ಪೂರ್ತಿ ಎಡಕ್ಕೆ ಎಳೆದು ಅಕ್ಕನನ್ನು ಕರೆದೆ.

"ಇದೇನೋ, ಕುಡುದಾಂವ ಬಸ್ ಹಿಂದ ಓಡಿಕೋತ ಮಾತಾಡಿದಂಗ ಐತಿ" ಎಂದಳು ಅಕ್ಕ.

"ನಿನ್ನ ಫೋನ್ ಹಳೇದಕ್ಕಾ."

"ಬ್ಯಾರೇ ದನಿ ಹಾಕು."

ನಾಲ್ಕೂ ಹಾಕಿದೆ. ನಾಲ್ವರೂ ಕುಡಿದು ಓಡಿದರು.

"ಬ್ಯಾಡ ಬಿಡು. ನಿನ್ನ ದನಿನೇ ಚಲೋ."

ಆ ಮಾತು ಚುಚ್ಚಿತು. ಆದರೂ ಎರಡು ತಿಂಗಳು ಹಾಯಾಗಿ ತಳ್ಳಿದೆ.

ಆಮೇಲೆ ಅಕ್ಕ ಫೋನಿಗೆ ಗಾಜು ಹಾಕಿಸಲು ಮೊಬೈಲ್ ಅಂಗಡಿಗೆ ಹೋದಳು. ಮಾತಿಗೆ ಮಾತು ಬಂದು ದನಿಯ ಕಥೆ ಹೇಳಿದಾಗ ಅಂಗಡಿಯ ಹೆಂಗಸು ನೋಡಿ, "ಅಕ್ಕಾ, ಸ್ಪೀಡ್ ಫುಲ್ ಇಟ್ಟಿದ್ದೀರಲ್ಲಾ, ಇದ್ರಲ್ಲಿ ಯಾರ್ ಮಾತಾಡಿದ್ರೂ ಹಿಂಗೇ ಕಣ್ರೀ" ಎಂದಳಂತೆ. ಎರಡೂ ಗೆರೆ ಮಧ್ಯಕ್ಕೆ ತಂದು, ಎರಡನೆಯ ದನಿ ಇಟ್ಟು, ಮುಟ್ಟಿದ್ದನ್ನು ಓದಿ ಹೇಳುವ ಗುಂಡಿಯನ್ನೂ ಹಾಕಿಕೊಟ್ಟಳು.

ಅಂದು ಸಂಜೆ ಅಕ್ಕ ಚಿತ್ರದ ಗುರುತು ಹಿಡಿದು ಮೊದಲು ಓದಿಸಿದ್ದು ಚಿರತೆಯನ್ನೇ. "ಅರಣ್ಯ ಇಲಾಖೆಯ ಸಿಬ್ಬಂದಿ ಅರಿವಳಿಕೆ ಚುಚ್ಚುಮದ್ದು ನೀಡಿ ಸೆರೆಹಿಡಿದರು" ಎಂದು ಫೋನು ಸುಮ್ಮನಾಯಿತು.

"ಅಜ್ಜಿ ಎಲ್ಲೋ?" ಎಂದಳು ಅಕ್ಕ.

ನಾನು ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕತೊಡಗಿದೆ.

"ಲಿಫ್ಟ್?"

ಅವಳ ತುಟಿಯಂಚಿನಲ್ಲಿ ನಗು ಇತ್ತು. ಆಮೇಲೆ ಗ್ರೂಪನ್ನು ಹಿಂದಕ್ಕೆ ಸರಿಸುತ್ತಾ ಒಂದೊಂದೇ ಮುಟ್ಟಿದಳು. ವಿದ್ಯುತ್ ವ್ಯತ್ಯಯದ ಮೆಸೇಜು ಬಂತು. ನಗು ಹೋಯಿತು.

"ಒಂದ್ ತಾಸು ನಿಂತಿದ್ನೋ ತಮ್ಮಾ. ಓದಾಕ ಬರೂದಿಲ್ಲ ಅಂದಿದ್ರ ನಿನ್ನ ಮನಿಬಿಟ್ಟು ಓಡಿಸ್ತಿದ್ನೇನು?"

ಫೋನು ಓದುವಾಗ ಓದುವ ಪದದ ಮೇಲೆ ಬಣ್ಣ ಬೀಳುತ್ತದೆ. ಅಕ್ಕ ವೇಗ ಇನ್ನಷ್ಟು ಇಳಿಸಿ, "ಬಣ್ಣದ ಮ್ಯಾಲ ಬೆರಳಿಡು" ಎಂದಳು. ದಿನಾ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು, ಹೆಂಗಸಿನ ದನಿ ಓದುತ್ತಿತ್ತು, ನಾನು ಹಿಂದೆ ಹಿಂದೆ ಹೇಳುತ್ತಿದ್ದೆ. ಹಾಗೆ ಒತ್ತಕ್ಷರಗಳು ಕೈಗೆ ಹತ್ತಿದವು. ಇದನ್ನು ಬರೆಯುತ್ತಿರುವುದೂ ಅದರಿಂದಲೇ.

ಒಂದು ಮಾತು ಉಳಿದಿದೆ. "ಸ್ಪೀಡ್ ಎಲ್ಲೈತಿ ಅಂತ ನನ್ನ ತಮ್ಮಗ ತಿಳೀಲಿಲ್ಲ ಪಾಪ" ಎಂದು ಅಕ್ಕ ಈಗಲೂ ಹೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ. ತಿಳಿದಿತ್ತು ಅಕ್ಕಾ. ನಾನೇ ಎಳೆದದ್ದು.

ಇದನ್ನು ನಿನ್ನ ಫೋನಿಗೇ ಕಳಿಸುತ್ತಿದ್ದೇನೆ. ಈ ಸಲ ಯಾವ ಗೆರೆಯನ್ನೂ ಮುಟ್ಟಿಲ್ಲ. ಮೊದಲು ಒಲೆ ಆರಿಸಿ ಕೇಳು, ರೊಟ್ಟಿ ಸೀದೀತು.