ಹುಡುಕಿದವರಿಗೆ ಸಿಕ್ಕ ಊಟ

ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ನಾನು ಶಿರಸಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಕಾಗದ, ಸಂಘದ ವರದಿ, ಕಾಲೇಜು ಹುಡುಗರ ಪ್ರಾಜೆಕ್ಟು ಟೈಪ್ ಮಾಡುವುದು ನಮ್ಮ ಕೆಲಸ. ಅಂಗಡಿಯ ಯಜಮಾನರು ಯಲ್ಲಾಪುರದವರು. ಅವರ ಪರಿಚಯದವರೊಬ್ಬರು ಬೆಂಗಳೂರಿನಲ್ಲಿ ಊಟ ತರಿಸಿಕೊಳ್ಳುವ ವೆಬ್‌ಸೈಟ್ ಶುರು ಮಾಡಿದ್ದರು. ಹೋಟೆಲುಗಳ ಮೆನು ಕಾರ್ಡುಗಳ ಚಿತ್ರ ಅಲ್ಲಿಂದ ಇಮೇಲಿನಲ್ಲಿ ಬರುತ್ತಿತ್ತು. ನಾವು ಒಂದೊಂದು ತಿಂಡಿಯ ಹೆಸರು, ಬೆಲೆ, ಅದರ ಕೆಳಗೆ ಒಂದು ಸಾಲು ವಿವರ, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ತುಂಬಿ ಕಳಿಸಬೇಕು.

ಸುಲಭದ ಕೆಲಸ ಅಂದುಕೊಂಡಿದ್ದೆ. ಆದರೆ ಜನ ಹುಡುಕುವಾಗ ಆ ವೆಬ್‌ಸೈಟಿಗೆ ಅಕ್ಷರ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಕಾರ್ಡಿನಲ್ಲಿದ್ದ ಹಾಗೆ ‘ದೋಸೆ’ ಎಂದು ನಾನು ತುಂಬಿದರೆ, ‘ದೋಸಾ’ ಎಂದು ಟೈಪ್ ಮಾಡಿದವರಿಗೆ ಏನೂ ಸಿಗುತ್ತಿರಲಿಲ್ಲ. ಹೋಟೆಲಿನವರು ‘ಹುಳಿ’ ಎಂದರೆ ಜನ ‘ಸಾಂಬಾರ್’ ಎನ್ನುತ್ತಿದ್ದರು. ಜನ ಏನು ಬರೆದು ಬರಿಗೈಲಿ ಹೋದರು ಎನ್ನುವುದರ ಪಟ್ಟಿ ವಾರಕ್ಕೊಮ್ಮೆ ನಮಗೆ ಬರುತ್ತಿತ್ತು. ಅದನ್ನು ಓದುವಾಗ ನನಗೆ ಒಂಥರಾ ಆಗುತ್ತಿತ್ತು. ‘ಜ್ವರಕ್ಕೆ ಊಟ’ ಎಂದು ಬರೆದಿರುತ್ತಿದ್ದರು. ‘ಖಾರ ಇಲ್ಲದ್ದು’ ಎಂದು ಬರೆದಿರುತ್ತಿದ್ದರು. ಯಾರೋ ಒಬ್ಬರು ಬರೇ ‘ಅನ್ನ’ ಎಂದು ಬರೆದಿದ್ದರು.

ಒಂದು ಮಧ್ಯಾಹ್ನ ಅಂಗಡಿಗೆ ಬೆಂಗಳೂರಿನಿಂದ ಫೋನ್ ಬಂತು. ಹೆಂಗಸಿನ ಧ್ವನಿ, ನಮ್ಮ ಕಡೆಯ ಮಾತು.

“ತಂಗಿ, ನೀನು ಶಿರ್ಸಿಯವಳು ಹೇಳಿ ಗೊತ್ತಾತು. ಯಮ್ಮನೆ ಹೆಗ್ಗರಣೆ ಹತ್ರ. ಇಲ್ಲಿ ಊಟದ ಮನೆ ನಡೆಸ್ತ್ಯ. ವೆಬ್‌ಸೈಟಲ್ಲಿ ಹಾಕಿ ತಿಂಗ್ಳಾತು, ಆರ್ಡರೇ ಬತ್ತಿಲ್ಲೆ. ಎಂತಕ್ಕೆ ಹೇಳಿ ನೋಡ್ತ್ಯಾ?”

ಗಂಡ ಹೆಂಡತಿ ರಾಜಾಜಿನಗರದ ಬಾಡಿಗೆ ಮನೆಯ ಎದುರಿನ ಕೋಣೆಯಲ್ಲಿ ಅಡುಗೆ ಮಾಡಿ ಮಾರುತ್ತಿದ್ದರು. ಫೋನ್ ಮಾಡಿದವಳನ್ನು ನಾನು ಅಕ್ಕ ಎಂದೆ, ಅವಳ ಗಂಡನನ್ನು ಭಾವ. ಅಕ್ಕ ಅಡುಗೆ ಮಾಡುವುದು, ಭಾವ ಸ್ಕೂಟರಿನಲ್ಲಿ ಮುಟ್ಟಿಸುವುದು. ಅವರ ಪುಟ ತೆರೆದು ನೋಡಿದೆ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಸುವರ್ಣಗಡ್ಡೆ ಹುಳಿ, ಬರೇ ಹೆಸರುಗಳು. ವಿವರದ ಜಾಗ ಖಾಲಿ. ಹಸಿದವರು ಯಾರೂ ಈ ಪದಗಳನ್ನು ಬರೆಯುತ್ತಿರಲಿಲ್ಲ.

ಹೆಸರು ಬದಲಿಸುವುದು ಬೇಡವೆಂದು ಅಕ್ಕ ಹೇಳಿದ್ದಕ್ಕೆ ನಾನು ವಿವರವನ್ನಷ್ಟೇ ಬರೆದೆ. ತಂಬುಳಿಯ ಕೆಳಗೆ, ‘ಸೊಪ್ಪು, ಕಾಯಿ ಅರೆದು ಮಜ್ಜಿಗೆ ಹಾಕಿ ಮಾಡಿದ್ದು, ಖಾರ ಕಡಿಮೆ, ಅನ್ನದ ಜೊತೆಗೆ’. ಹುಳಿಯ ಕೆಳಗೆ, ‘ಮನೆ ಸಾಂಬಾರ್, ನೀರುಳ್ಳಿ ಬೆಳ್ಳುಳ್ಳಿ ಇಲ್ಲ’. ಊಟಕ್ಕೆ ‘ಮೀಲ್ಸ್’ ಎಂದೂ ಸೇರಿಸಿದೆ. ಸ್ವಲ್ಪ ದಿನಕ್ಕೆ ಆರ್ಡರು ಬರತೊಡಗಿತು. ಅಕ್ಕ ಆಗಾಗ ಫೋನ್ ಮಾಡಿ, ಇವತ್ತು ಯಾರು ಏನು ತರಿಸಿದರು ಎಂದು ಹೇಳುತ್ತಿದ್ದಳು.

ವಾರದ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪದವೊಂದಿತ್ತು, ‘ಜೈನ್’. ಯಜಮಾನರು ಅದನ್ನು ಗಮನಿಸಿದರು. ನೀರುಳ್ಳಿ ಬೆಳ್ಳುಳ್ಳಿ ಹಾಕದ ಹೋಟೆಲುಗಳನ್ನೆಲ್ಲ ಹುಡುಕಿ, ಅವುಗಳ ತಿಂಡಿಗಳ ಕೆಳಗೆ ತಾವೇ ಕೂತು ‘ಜೈನ್ ಊಟ’ ಎಂದು ಸೇರಿಸಿದರು. ಅದರಲ್ಲಿ ಅಕ್ಕನ ಅಡುಗೆಯೂ ಬಂತು. ನಮಗ್ಯಾರಿಗೂ ಅದು ತಪ್ಪೆಂದು ಅನ್ನಿಸಲಿಲ್ಲ. ಶಿರಸಿಯ ಸುತ್ತ ಜೈನರ ಮನೆಗಳಿವೆ, ಅವರನ್ನು ಕೇಳಬಹುದಿತ್ತು ಎನ್ನುವುದೂ ಹೊಳೆಯಲಿಲ್ಲ.

ಅದಾಗಿ ಕೆಲವು ವಾರ ಅಕ್ಕನ ಫೋನ್ ಬರಲಿಲ್ಲ. ಆಮೇಲೊಂದು ದಿನ ಅವಳೇ ಅಂಗಡಿಗೆ ಬಂದಳು. ಸಿದ್ದಾಪುರದಲ್ಲಿ ನೆಂಟರ ಮನೆಗೆ ಬಂದವಳು ಬಸ್ಸು ಹತ್ತಿ ಶಿರಸಿಗೆ ಬಂದಿದ್ದಳು. ಅಲ್ಲಿಯವರೆಗೆ ನಾನು ಅವಳ ಮುಖ ನೋಡಿರಲಿಲ್ಲ. ಸಣ್ಣ ಮೈಕಟ್ಟು, ಕೈಯಲ್ಲೊಂದು ಬಟ್ಟೆ ಚೀಲ. ನೀರು ಕೊಟ್ಟರೆ ಕುಡಿಯಲಿಲ್ಲ.

“ಜೈನ್ ಊಟ ಹೇಳಿ ಬರದ್ದು ನೀನಾ?” ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, “ನಾನೇ ಬರೆದದ್ದಮ್ಮ. ಎಂತಾಯ್ತು?” ಎಂದರು.

ಅಕ್ಕ ಕೂತು ಹೇಳಿದಳು. ಅದು ಜೈನರು ವ್ರತಗಳನ್ನು ಕಟ್ಟುನಿಟ್ಟಾಗಿ ನಡೆಸುವ ಚಾತುರ್ಮಾಸದ ಸಮಯ. ಒಂದು ಜೈನ ಮನೆಯ ಸೊಸೆ ಆಫೀಸಿನ ಕಂಪ್ಯೂಟರಿನಲ್ಲಿ ‘ಜೈನ್’ ಎಂದು ಹುಡುಕಿ ಮನೆಯಲ್ಲಿದ್ದ ಅತ್ತೆಗೆ ಊಟ ತರಿಸಿದ್ದಳು. ಅವತ್ತಿನ ಊಟದಲ್ಲಿ ಇದ್ದದ್ದು ಸುವರ್ಣಗಡ್ಡೆ ಹುಳಿ. ಮಣ್ಣಿನೊಳಗೆ ಬೆಳೆಯುವ ಗಡ್ಡೆಯನ್ನು ಅವರು ತಿನ್ನುವುದಿಲ್ಲ.

“ಅಜ್ಜಿಗೆ ಅರ್ಧ ಊಟ ಆದ್ಮೇಲೆ ಗೊತ್ತಾತಡ. ಎಷ್ಟೋ ವರ್ಷದಿಂದ ನಡೆಸ್ಕಂಡು ಬಂದ ವ್ರತ. ಆನು ಅವ್ರ ಮನೆಗೆ ಹೋಗಿದ್ದಿ, ತಪ್ಪಾತು ಹೇಳಲೆ. ‘ಅತ್ತೆ ಉಪವಾಸ ಇದ್ದಾರೆ, ಯಾರ ಹತ್ರನೂ ಮಾತಾಡಲ್ಲ’ ಹೇಳಿ ಸೊಸೆ ಬಾಗ್ಲಲ್ಲೇ ಕಳಿಸ್ಬಿಡ್ತು. ಬೈದಿದ್ರೆ ಬೇಕಿತ್ತು.”

ಯಜಮಾನರು ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡರು. “ಜೈನ್ ಅಂದ್ರೆ ನೀರುಳ್ಳಿ ಬೆಳ್ಳುಳ್ಳಿ ಇಲ್ಲ, ಅಷ್ಟೇ ಅಂದ್ಕೊಂಡಿದ್ದೆ ಅಮ್ಮ. ಆದ್ರೆ ನಿಮಗೀಗ ಆರ್ಡರು ಹೆಚ್ಚಾದದ್ದು ಆ ಪದದಿಂದಲೇ. ತೆಗೆದ್ರೆ ಯಾರಿಗೂ ಕಾಣೂದಿಲ್ಲ.”

“ಕಾಣದಿದ್ರೂ ಅಡ್ಡಿಲ್ಲೆ. ತೆಗೀರಿ.”

ಅವಳ ಪುಟ ತೆರೆದೆ. ಅವಳು ನನ್ನ ಪಕ್ಕದ ಸ್ಟೂಲಿಗೆ ಬಂದಳು. ಒಂದೊಂದೇ ತಿಂಡಿಯಿಂದ ಪದ ಅಳಿಸುತ್ತ ಹೋದೆ. ಒಂದೆಲಗದ ತಂಬುಳಿ ಬಂದಾಗ ಕೈ ನಿಂತಿತು.

“ಅಕ್ಕ, ಇದ್ರಲ್ಲಿ ಗಡ್ಡೆ ಇಲ್ಯಲೆ. ಇದೊಂದಕ್ಕೆ ಇಡಲಕ್ಕಾ?”

ಅವಳಿಗೂ ಆಸೆಯಾಗಿರಬೇಕು. ಪರದೆಯನ್ನೇ ನೋಡುತ್ತ ಕೂತಳು. “ಗಡ್ಡೆ ಹೆಚ್ಚೂ ಮೆಟ್ಟುಗತ್ತಿನೂ ಅದೇ, ಪಾತ್ರೆನೂ ಅದೇ. ಅವ್ಕೆ ಅದೂ ಆಗ್ತಿಲ್ಲೆ ಆಗಿಕ್ಕು. ಯಂಗೆ ಗೊತ್ತಿಲ್ಲೆ. ಗೊತ್ತಿಲ್ದೇ ಇದ್ದಿದ್ದು ಬ್ಯಾಡ.”

ಅದನ್ನೂ ಅಳಿಸಿದೆ. ಹುಳಿಯ ಕೆಳಗೆ ‘ಸುವರ್ಣಗಡ್ಡೆ, ನೆಲದೊಳಗಿನ ಗಡ್ಡೆ’ ಎಂದು ಸ್ಪಷ್ಟವಾಗಿ ಬರೆಸಿದಳು. ಎದ್ದು ಹೋಗುವಾಗ ಯಜಮಾನರಿಗೆ ಕೈ ಮುಗಿದಳು. ಅವರು ಮುಖ ತಿರುಗಿಸಿಕೊಂಡರು. ಸಿಟ್ಟಿಗಲ್ಲ, ನಾಚಿಕೆಗೆ. ಆಮೇಲೆ ಉಳಿದ ಹೋಟೆಲುಗಳಿಗೂ ಫೋನ್ ಮಾಡಿ ಕೇಳಿ, ಆ ಪದವನ್ನು ಅವರೇ ತೆಗೆದರು. ಒಂದೆರಡು ಹೋಟೆಲಿನವರು, ಇರಲಿ ಬಿಡಿ, ವ್ಯಾಪಾರ ಆಗುತ್ತಿದೆ ಎಂದರಂತೆ; ಅವರದನ್ನೂ ಯಜಮಾನರು ತೆಗೆದರು.

ನಾವು ಇಲ್ಲಿ ಅಳಿಸಿದ್ದು ಕೂಡಲೇ ಅಲ್ಲಿ ಅಳಿಯುತ್ತಿರಲಿಲ್ಲ. ಬೆಂಗಳೂರಿನ ಆಫೀಸಿನವರು ನೋಡಿ ಒಪ್ಪಿದ ಮೇಲೇ ಬದಲಾಗುವುದು. ಆ ನಡುವೆ ಜೈನ್ ಊಟಕ್ಕೆಂದು ಇನ್ನೊಂದು ಆರ್ಡರು ಅಕ್ಕನ ಫೋನಿಗೆ ಹೋಯಿತು. ಭಾವ ಆ ಮನೆಗೆ ಫೋನ್ ಮಾಡಿ, ನಮ್ಮಲ್ಲಿ ಗಡ್ಡೆ ಬಳಸುತ್ತೇವೆ, ಕ್ಷಮಿಸಿ ಎಂದರು. ಹಾಗಾದರೆ ಯಾಕೆ ಬರೆದುಕೊಂಡಿದ್ದೀರಿ ಎಂದು ಆ ಕಡೆಯವರು ಕೇಳಿದರಂತೆ. ಭಾವ ಇನ್ನೊಮ್ಮೆ ಕ್ಷಮಿಸಿ ಎಂದರು. ಅದಕ್ಕೆ ಉತ್ತರ ಕೊಡಬೇಕಾದವರು ನಾವು ಶಿರಸಿಯಲ್ಲಿದ್ದೆವು.

ಯಜಮಾನರು ಹೇಳಿದ್ದೇ ಆಯಿತು. ಆರ್ಡರು ಇಳಿಯಿತು. ನಾನು ವಿವರವನ್ನು ಹೇಗೆ ಹೇಗೋ ಬದಲಿಸಿ ನೋಡಿದೆ. ‘ಮನೆಯೂಟ’ ಎಂದೆ, ‘ಮಲೆನಾಡ ಊಟ’ ಎಂದೆ. ಹಾಗೆ ಹುಡುಕುವವರು ಆಗ ಕಡಿಮೆ. ಅಕ್ಕ ಒಮ್ಮೆಯೂ ದೂರಲಿಲ್ಲ, ಫೋನ್ ಮಾಡುವುದನ್ನು ಮಾತ್ರ ಕಡಿಮೆ ಮಾಡಿದಳು. ಮುಂದಿನ ವರ್ಷ ಊಟದ ಮನೆ ಮುಚ್ಚಿ ಎದುರಿನ ಕೋಣೆಯನ್ನು ಬಿಟ್ಟುಕೊಟ್ಟರು. ಅಕ್ಕ ಹತ್ತಿರದ ಮನೆಗಳ ಸಮಾರಂಭಕ್ಕೆ ಅಡುಗೆಗೆ ಹೋಗುತ್ತಾಳೆಂದು ಹೆಗ್ಗರಣೆ ಕಡೆಯವರೊಬ್ಬರು ಹೇಳಿದರು. ಆ ಅಜ್ಜಿ ಕೊನೆಗೂ ಅವಳ ಹತ್ತಿರ ಮಾತಾಡಿದರೋ ಇಲ್ಲವೋ ತಿಳಿಯಲಿಲ್ಲ.

ಆ ವೆಬ್‌ಸೈಟೂ ಹೆಚ್ಚು ಕಾಲ ನಡೆಯಲಿಲ್ಲ. ನಿಲ್ಲುವವರೆಗೂ ವಾರದ ಪಟ್ಟಿ ಬರುತ್ತಲೇ ಇತ್ತು, ಅದರಲ್ಲಿ ‘ಜೈನ್’ ಎಂಬ ಪದವೂ. ಎಲ್ಲೋ ಯಾರೋ ನಂಬಿಕೆಯಿಂದ ತಿನ್ನಬಹುದಾದ ಒಂದು ಊಟ ಹುಡುಕುತ್ತಿದ್ದರು. ಸಿಗುತ್ತಿರಲಿಲ್ಲ. ನಾನು ಅದನ್ನು ಓದಿ, ಮುಂದಿನ ಸಾಲಿಗೆ ಹೋಗುತ್ತಿದ್ದೆ.